ಭಾವನ ಲ್ಯಾಪ್‌ಟಾಪ್‌ನಲ್ಲಿ ಓಡದ ವಿಡಿಯೋ

ಮೂಡಿಗೆರೆಯಲ್ಲಿರುವ ಅಕ್ಕನ ಮನೆಯಲ್ಲಿ ಮಗಳ ನಿಶ್ಚಿತಾರ್ಥ ಆಯಿತು. ನೆಂಟರ ಹುಡುಗನೊಬ್ಬ ತನ್ನ ಐಫೋನಿನಲ್ಲಿ ವಿಡಿಯೋ ಮಾಡಿ ಪೆನ್‌ಡ್ರೈವಿಗೆ ಹಾಕಿಕೊಟ್ಟಿದ್ದ. ಮಾರನೇ ದಿನ ಭಾವ ಫೋನ್ ಮಾಡಿದರು. "ನೋಡೋ, ಮಾತು ಕೇಳಿಸ್ತದೆ, ಚಿತ್ರ ಬರಲ್ಲ. ಕೋಡೆಕ್ ಇಲ್ಲ ಅಂತ ಬಂತು, ಡೌನ್‌ಲೋಡ್ ಮಾಡಿ ಹಾಕಿದೆ, ಆದ್ರೂ ಇಲ್ಲ. ಈಗ ಮೂಲೇಲಿ ಏನೇನೋ ಜಾಹೀರಾತು ಬರ್ತಿದೆ."

ನನಗೆ ವಿಡಿಯೋಗಿಂತ ಆ ಜಾಹೀರಾತಿನದೇ ಚಿಂತೆ ಆಯಿತು. ಅದೇ ಲ್ಯಾಪ್‌ಟಾಪಿನಲ್ಲಿ ಅವರು ಕಾಫಿ ಲೆಕ್ಕ ಬರೆಯುತ್ತಾರೆ, ಬ್ಯಾಂಕ್ ವ್ಯವಹಾರವನ್ನೂ ಮಾಡುತ್ತಾರೆ. ನೆಟ್ ಆಫ್ ಮಾಡಿ ಇಡಿ ಅಂದು, ನನ್ನ ಲ್ಯಾಪ್‌ಟಾಪ್ ತಗೊಂಡು ಚಿಕ್ಕಮಗಳೂರಿನಿಂದ ಬಸ್ ಹತ್ತಿದೆ.

ವಿಡಿಯೋ ಓಡದಿದ್ದರೆ ನಾನು ಮೊದಲು ನೋಡುವುದು ಆ ಫೈಲಿನ ಒಳಗೆ ಏನಿದೆ ಅನ್ನುವುದನ್ನು. ಹೆಸರಿನ ಕೊನೆಯಲ್ಲಿರುವ MP4, MOV ಬರೀ ಡಬ್ಬಿ. ಒಳಗೆ ಚಿತ್ರವನ್ನು ಯಾವ ರೀತಿ ಕುಗ್ಗಿಸಿ ಇಟ್ಟಿದ್ದಾರೆ ಅನ್ನುವುದೇ ಕೋಡೆಕ್. ನನ್ನ ಲ್ಯಾಪ್‌ಟಾಪಿನಲ್ಲಿ ವಿಎಲ್‌ಸಿ ಅನ್ನುವ ವಿಡಿಯೋ ಪ್ಲೇಯರ್ ಇತ್ತು (ಇಲ್ಲದವರು videolan.org ಅಂತ ತಾವೇ ಟೈಪ್ ಮಾಡಿ ಇಳಿಸಿಕೊಳ್ಳಿ, ಹುಡುಕಿದಾಗ ಮೇಲೆ ಬರುವ ಜಾಹೀರಾತನ್ನು ಒತ್ತಬೇಡಿ). ಮೊದಲ ಫೈಲ್ ತೆರೆದೆ, ಚಿತ್ರವೂ ಬಂತು. Ctrl+J ಒತ್ತಿದರೆ HEVC ಅಂತ ತೋರಿಸಿತು. 2017ರಿಂದ ಈಚೆಗೆ ಐಫೋನ್‌ಗಳು ಜಾಗ ಉಳಿಸಲು ಹೀಗೇ ರೆಕಾರ್ಡ್ ಮಾಡುತ್ತವೆ. ಎಷ್ಟೋ ವಿಂಡೋಸ್ ಲ್ಯಾಪ್‌ಟಾಪ್‌ಗಳಲ್ಲಿ ಇದನ್ನು ಬಿಡಿಸುವ ಭಾಗ ಮೊದಲೇ ಬಂದಿರುವುದಿಲ್ಲ, ಮೈಕ್ರೋಸಾಫ್ಟ್ ಸ್ಟೋರಿನಲ್ಲಿ ಬೇರೆಯಾಗಿ ತಗೋಬೇಕು. ವಿಎಲ್‌ಸಿಯಲ್ಲಿ ಅದು ಒಳಗೇ ಇದೆ. ಅಂದರೆ ಭಾವನಿಗೆ ಯಾವ ಕೋಡೆಕ್ ಪ್ಯಾಕೂ ಬೇಕಿರಲಿಲ್ಲ.

ಅಕ್ಕನಿಗೆ ಅದನ್ನು ಟಿವಿಯಲ್ಲಿ ನೋಡುವ ಆಸೆ. ಅವರದ್ದು ಹಳೇ ಟಿವಿ, HEVC ಹಿಡಿಸಲ್ಲ. ಅದಕ್ಕೆ ffmpeg ಅನ್ನುವ ಪ್ರೋಗ್ರಾಂನಿಂದ H.264 ಅನ್ನುವ ಹಳೇ ಕೋಡೆಕ್‌ಗೆ ಬದಲಿಸಿಕೊಟ್ಟೆ:

```
ffmpeg -i IMG_0412.MOV -c:v libx264 -pix_fmt yuv420p -crf 20 -c:a aac shastra.mp4
```

ಸ್ವಲ್ಪ ಹೊತ್ತು ಹಿಡಿಯಿತು, ಫೈಲೂ ದೊಡ್ಡದಾಯಿತು, ಆದರೆ ಟಿವಿಯಲ್ಲಿ ಓಡಿತು. ಮೂಲ ಫೈಲನ್ನು ಮಾತ್ರ ಅಳಿಸಬೇಡಿ ಅಂತ ಹೇಳಿದೆ, ಬದಲಿಸುವಾಗ ಗುಣಮಟ್ಟ ಒಂದಿಷ್ಟು ಹೋಗಿಯೇ ಹೋಗುತ್ತದೆ.

ಎರಡನೇ ಫೈಲ್, ಉಂಗುರ ಹಾಕುವ ಭಾಗ, ವಿಎಲ್‌ಸಿಯಲ್ಲೂ ತೆರೆಯಲಿಲ್ಲ. ffmpeg ಜೊತೆಗೇ ಬರುವ ffprobe ಹಾಕಿ ನೋಡಿದರೆ `moov atom not found` ಅಂದಿತು. ಯಾವ ಚಿತ್ರ ಎಲ್ಲಿದೆ ಅನ್ನುವ ಪಟ್ಟಿ ಆ moov ಭಾಗದಲ್ಲಿರುತ್ತದೆ, ಫೋನ್ ಅದನ್ನು ಸಾಮಾನ್ಯವಾಗಿ ಕೊನೆಯಲ್ಲಿ ಬರೆಯುತ್ತದೆ. ಹುಡುಗನಿಗೆ ಫೋನ್ ಮಾಡಿ ಕೇಳಿದೆ. ಹೊರಡುವ ಅವಸರದಲ್ಲಿ ಕಾಪಿ ಮುಗಿಯುವ ಮೊದಲೇ ಪೆನ್‌ಡ್ರೈವ್ ಕಿತ್ತಿದ್ದನಂತೆ. ಫೈಲಿನ ಸೈಜ್ ಮಾತ್ರ ಸರಿಯಾಗೇ ತೋರಿಸುತ್ತಿತ್ತು, ಯಾಕೆಂದರೆ ಕಾಪಿ ಶುರುವಾಗುವಾಗಲೇ ಪೂರ್ತಿ ಜಾಗ ಹಿಡಿದಿಡುವುದುಂಟು, ಅದಕ್ಕೇ ಸೈಜ್ ಒಂದನ್ನೇ ನಂಬಬಾರದು. ಇಂಥ ಫೈಲಿಗೆ ಜಗತ್ತಿನ ಯಾವ ಕೋಡೆಕ್ ಹಾಕಿದರೂ ಚಿತ್ರ ಬರಲ್ಲ. ಫೋನಿನಲ್ಲಿ ಮೂಲ ಇನ್ನೂ ಇತ್ತು, ಸಂಜೆ ಮತ್ತೆ ಕಾಪಿ ಮಾಡಿ ತಂದುಕೊಟ್ಟ, ಓಡಿತು.

ಆಮೇಲೆ ಲ್ಯಾಪ್‌ಟಾಪ್. ಇಲ್ಲಿ ಒಂದು ವಿಷಯ ಅರ್ಥ ಮಾಡಿಕೊಳ್ಳಬೇಕು. ಡೌನ್‌ಲೋಡ್ ಮಾಡಿ ಹಾಕುವ ಕೋಡೆಕ್ ಅಂದರೆ ಅದೂ ಒಂದು ಪ್ರೋಗ್ರಾಂ. ಪ್ಯಾಕ್ ಹಾಕುವಾಗ "ಅನುಮತಿ ಕೊಡಲಾ" ಅಂತ ವಿಂಡೋಸ್ ಕೇಳುತ್ತದಲ್ವಾ, Yes ಒತ್ತಿದರೆ ಇಡೀ ಕಂಪ್ಯೂಟರಿನ ಬೀಗದ ಕೈ ಕೊಟ್ಟ ಹಾಗೆ. ಕಳ್ಳರಿಗೆ ಇದು ಹಳೇ ದಾರಿ. ಡಿಎನ್ಎಸ್‌ಚೇಂಜರ್ ಅನ್ನುವ ಕೆಟ್ಟ ಪ್ರೋಗ್ರಾಂ ವಿಡಿಯೋ ಕೋಡೆಕ್ ವೇಷದಲ್ಲೇ ಹರಡಿತ್ತು. ಸೈಟಿನ ಹೆಸರು ಕೊಟ್ಟರೆ ಅದು ಎಲ್ಲಿದೆ ಅಂತ ಹೇಳುವುದು ಡಿಎನ್ಎಸ್, ಈ ಪ್ರೋಗ್ರಾಂ ಆ ಡಿಎನ್ಎಸ್ ವಿಳಾಸವನ್ನೇ ಬದಲಿಸಿಬಿಡುತ್ತಿತ್ತು, ನೀವು ಸರಿಯಾದ ಹೆಸರನ್ನೇ ಟೈಪ್ ಮಾಡಿದರೂ ಕಳ್ಳರಿಗೆ ಬೇಕಾದ ಸೈಟಿಗೆ ಹೋಗಬಹುದಿತ್ತು. 2011ರಲ್ಲಿ ಅಮೆರಿಕದ ಎಫ್‌ಬಿಐ ಆ ಜಾಲವನ್ನು ಹಿಡಿಯುವ ಹೊತ್ತಿಗೆ ಸುಮಾರು 40 ಲಕ್ಷ ಕಂಪ್ಯೂಟರ್‌ಗಳಿಗೆ ತಗುಲಿತ್ತು.

ಭಾವನ ಲ್ಯಾಪ್‌ಟಾಪಿನಲ್ಲಿ ಆಪ್‌ಗಳನ್ನು ದಿನಾಂಕದ ಪ್ರಕಾರ ಜೋಡಿಸಿ ನೋಡಿದೆ. ಕೋಡೆಕ್ ಪ್ಯಾಕಿನ ಜೊತೆ ಅದೇ ದಿನ ಇನ್ನೂ ಮೂರು ಹೊಕ್ಕಿದ್ದವು, ಒಂದೂ ಅವರು ಕೇಳಿ ಹಾಕಿದ್ದಲ್ಲ. ಬ್ರೌಸರಿನ ಮುಖಪುಟ ಬದಲಾಗಿತ್ತು, ಗೊತ್ತಿಲ್ಲದ ಸೈಟಿಗೆ ನೋಟಿಫಿಕೇಶನ್ ಅನುಮತಿಯೂ ಹೋಗಿತ್ತು. ಡಿಎನ್ಎಸ್ ಸರಿಯಾಗಿತ್ತು. ನಾಲ್ಕನ್ನೂ ತೆಗೆದು, ವಿಂಡೋಸ್ ಡಿಫೆಂಡರಿನ ಆಫ್‌ಲೈನ್ ಸ್ಕ್ಯಾನ್ ಹಾಕಿದೆ, ಎರಡು ಹಿಡಿಯಿತು. ಸುಮ್ನೆ ಅಷ್ಟಕ್ಕೇ ಬಿಡಬಹುದಿತ್ತು. ಆದರೆ ಬ್ಯಾಂಕ್ ಕೆಲಸ ಮಾಡುವ ಲ್ಯಾಪ್‌ಟಾಪ್, ಒಳಗೆ ಏನು ಉಳಿದಿದೆಯೋ ಹೇಳಲಾಗದು. ಕಾಫಿ ಲೆಕ್ಕದ ಎಕ್ಸೆಲ್ ಫೈಲು, ಫೋಟೋಗಳನ್ನು ಮಾತ್ರ ಹೊರಗೆ ತೆಗೆದಿಟ್ಟು, ವಿಂಡೋಸನ್ನು ಪೂರ್ತಿ ಅಳಿಸಿ ಹೊಸದಾಗಿ ಹಾಕಿದೆ. ಅದು ಮುಗಿಯುವಷ್ಟರಲ್ಲಿ ಭಾವ ಅಕ್ಕನ ಫೋನಿನಿಂದ ಬ್ಯಾಂಕ್ ಮತ್ತು ಮೇಲ್ ಪಾಸ್‌ವರ್ಡ್ ಎರಡನ್ನೂ ಬದಲಿಸಿ ಮುಗಿಸಿದ್ದರು.