ಕಂಪನಿಯೇ ಟ್ಯಾಕ್ಸ್ ಕಟ್ಟುತ್ತೆ ಅಂದಮೇಲೆ ಸಂಬಳದಲ್ಲಿ ಕಟ್ ಯಾಕೆ? ಸ್ಟುಟ್‌ಗಾರ್ಟ್‌ಗೆ ಒಬ್ಬರನ್ನು ಕಳಿಸಿದ ಅನುಭವ

"ಮೇಡಂ, ಜರ್ಮನಿಯ ಟ್ಯಾಕ್ಸ್ ಪೂರ್ತಿ ಕಂಪನಿನೇ ಕಟ್ಟುತ್ತೆ ಅಂದ್ರಿ. ಮತ್ತೆ ಇದೇನು 39,650 ರೂಪಾಯಿ ಕಟ್?"

ಬೆಂಗಳೂರಿನ ಒಂದು ಎಂಜಿನಿಯರಿಂಗ್ ಕಂಪನಿಯಲ್ಲಿ ನಾನು ಪೇರೋಲ್ ನೋಡಿಕೊಳ್ಳುತ್ತೇನೆ. 2022ರಲ್ಲಿ ನಮ್ಮ ಒಬ್ಬ ಎಂಜಿನಿಯರನ್ನು ಹೆಂಡತಿ, ಮಗಳ ಸಮೇತ ಸ್ಟುಟ್‌ಗಾರ್ಟ್‌ಗೆ ಕಳಿಸಿದೆವು. ಸಂಬಳದ ಪ್ಯಾಕೇಜ್ ಪೂರ್ತಿ ನಾನೇ ಕಟ್ಟಿದ್ದು. ಸಂಬಳದ ಕರಡು ಚೀಟಿ ಕೈಗೆ ಕೊಟ್ಟಾಗ ಅವರು ಕೇಳಿದ ಮೊದಲ ಪ್ರಶ್ನೆ ಇದು. ಅಂದಿನಿಂದ ದರಗಳು ಬದಲಾಗಿವೆ. ಓದುವವರಿಗೆ ಈಗ ಉಪಯೋಗವಾಗಲಿ ಅಂತ ಸಂಬಳವನ್ನು ವರ್ಷಕ್ಕೆ 30 ಲಕ್ಷ ಅಂತ ಇಟ್ಟುಕೊಂಡು, 2025-26ರ ಹೊಸ ತೆರಿಗೆ ಪದ್ಧತಿಯ ದರದಲ್ಲಿ ಲೆಕ್ಕವನ್ನು ಮತ್ತೆ ಹಾಕಿ ಬರೆದಿದ್ದೇನೆ.

ಹೀಗೆ ಹೊರಗೆ ಕಳಿಸುವವರಿಗೆ ನಮ್ಮಲ್ಲಿರುವ ನೀತಿ ಟ್ಯಾಕ್ಸ್ ಈಕ್ವಲೈಸೇಶನ್. ಅಂದರೆ ಇಷ್ಟೇ. ನೀವು ಊರಲ್ಲೇ ಇದ್ದಿದ್ದರೆ ಎಷ್ಟು ತೆರಿಗೆ ಕಟ್ಟುತ್ತಿದ್ದಿರೋ ಅಷ್ಟೇ ನಿಮ್ಮ ಪಾಲಿಗೆ. ಹೊರಗೆ ಹೋಗಿದ್ದಕ್ಕೆ ಜಾಸ್ತಿಯೂ ಇಲ್ಲ, ಕಡಿಮೆಯೂ ಇಲ್ಲ. ಊರಲ್ಲಿದ್ದರೆ ಬರುತ್ತಿದ್ದ ಆ ತೆರಿಗೆಗೆ ಹೈಪೋ ಟ್ಯಾಕ್ಸ್ ಅನ್ನುತ್ತೇವೆ. 30 ಲಕ್ಷದಲ್ಲಿ ಸ್ಟಾಂಡರ್ಡ್ ಡಿಡಕ್ಷನ್ 75,000 ಕಳೆದರೆ 29.25 ಲಕ್ಷ. ಅದಕ್ಕೆ ಸ್ಲ್ಯಾಬ್ ಪ್ರಕಾರ ತೆರಿಗೆ 4,57,500. ಶೇಕಡ 4ರ ಸೆಸ್ ಸೇರಿದರೆ 4,75,800. ತಿಂಗಳಿಗೆ 39,650.

ಈ ದುಡ್ಡು ಯಾವ ಸರ್ಕಾರಕ್ಕೂ ಹೋಗಲ್ಲ, ಕಂಪನಿಯಲ್ಲೇ ಉಳಿಯುತ್ತದೆ. ಅದರ ಬದಲಿಗೆ ಜರ್ಮನಿಯಲ್ಲಿ ಬರುವ ನಿಜವಾದ ತೆರಿಗೆ, ಭಾರತದಲ್ಲಿ ಬರುವ ನಿಜವಾದ ತೆರಿಗೆ, ಎರಡನ್ನೂ ಕಂಪನಿ ಹೊತ್ತುಕೊಳ್ಳುತ್ತದೆ. ಹಾಗಾಗಿ ಚೀಟಿಯಲ್ಲಿ ಅದನ್ನು "ತೆರಿಗೆ" ಅಂತ ಸುಮ್ನೆ ಬರೆಯಬಾರದು, "ಹೈಪೋ ಟ್ಯಾಕ್ಸ್" ಅಂತಲೇ ಬರೆಯಬೇಕು. ಇಲ್ಲದಿದ್ದರೆ ನೌಕರ ಅದನ್ನು ಟಿಡಿಎಸ್ ಅಂದುಕೊಂಡು, ಸರ್ಕಾರಕ್ಕೆ ಕಟ್ಟಿದ ತೆರಿಗೆ ತೋರಿಸುವ ಫಾರ್ಮ್ 26ಎಎಸ್‌ನಲ್ಲಿ ಹುಡುಕುತ್ತಾನೆ, ಸಿಗಲ್ಲ, ಗಾಬರಿಯಾಗುತ್ತಾನೆ.

ಇನ್ನೊಂದು ಗೆರೆಯನ್ನೂ ಅವತ್ತೇ ಎಳೆದುಕೊಂಡೆವು. ಕಂಪನಿ ನೋಡಿಕೊಳ್ಳುವುದು ಸಂಬಳ ಮತ್ತು ಭತ್ಯೆಗಳ ತೆರಿಗೆ ಮಾತ್ರ. ಇಲ್ಲಿನ ಅವರ ಫ್ಲ್ಯಾಟನ್ನು ಬಾಡಿಗೆಗೆ ಕೊಡುತ್ತಿದ್ದರು. ಆ ಬಾಡಿಗೆಯ ತೆರಿಗೆ ಅವರದ್ದೇ.

ಆಮೇಲೆ ಬಂದದ್ದು ಹೊರಡುವ ದಿನದ ವಿಷಯ. ಪ್ರಾಜೆಕ್ಟ್ ಮ್ಯಾನೇಜರ್‌ಗೆ ಅವರು ಅಕ್ಟೋಬರ್ ಮಧ್ಯದವರೆಗೆ ಇಲ್ಲೇ ಇರಬೇಕಿತ್ತು. ನಾನು ಒಪ್ಪಲಿಲ್ಲ. ಕೆಲಸಕ್ಕೆಂದು ಹೊರದೇಶಕ್ಕೆ ಹೊರಡುವ ಭಾರತೀಯ, ಆ ಆರ್ಥಿಕ ವರ್ಷದಲ್ಲಿ ಇಲ್ಲಿ 182 ದಿನ ತುಂಬಿಸಿದರೆ ಇಲ್ಲಿನ ನಿವಾಸಿ. ಆಗ ಜರ್ಮನಿಯಲ್ಲಿ ಕೊಡುವ ಸಂಬಳ, ಮನೆ ಬಾಡಿಗೆ, ಶಾಲೆಯ ಫೀಸು ಎಲ್ಲವೂ ಭಾರತದ ರಿಟರ್ನ್‌ಗೂ ಬರುತ್ತದೆ. ಅಲ್ಲಿ ಕಟ್ಟಿದ ತೆರಿಗೆಗೆ ಇಲ್ಲಿ ಕ್ರೆಡಿಟ್ ಸಿಗುತ್ತೆ ನಿಜ, ಅದಕ್ಕೆ ಬೇರೆ ಫಾರ್ಮ್ ಇದೆ. ಆದರೆ ಜರ್ಮನಿಯ ವರ್ಷ ಜನವರಿಯಿಂದ ಡಿಸೆಂಬರ್, ನಮ್ಮದು ಏಪ್ರಿಲ್‌ನಿಂದ ಮಾರ್ಚ್. ಎರಡು ವರ್ಷದ ಕಾಗದಗಳನ್ನು ಕತ್ತರಿಸಿ ಜೋಡಿಸಬೇಕು. ಅಷ್ಟರವರೆಗೆ ಕಂಪನಿ ಎರಡೂ ಕಡೆ ದುಡ್ಡು ಕಟ್ಟಿ ಕೂರಬೇಕು.

ಕ್ಯಾಲೆಂಡರ್ ಮುಂದಿಟ್ಟುಕೊಂಡು ಎಣಿಸಿದೆ. ಹೊರಡುವ ದಿನವೂ ಲೆಕ್ಕಕ್ಕೆ ಬರುತ್ತದೆ ಅಂತ ಹಿಡಿದರೆ ಏಪ್ರಿಲ್ 1ರಿಂದ ಸೆಪ್ಟೆಂಬರ್ 28ಕ್ಕೆ 181 ದಿನ. 29ಕ್ಕೆ ಹೊರಟರೆ 182, ಕಥೆ ಬೇರೆ. ಆಗಸ್ಟ್ 31ಕ್ಕೆ ಟಿಕೆಟ್ ಮಾಡಿಸಿದೆವು, 153 ದಿನ. ರಜೆಗೆ ಅಂತ ಮಾರ್ಚ್ ಒಳಗೆ ಎಷ್ಟು ದಿನ ಬರಬಹುದು ಅನ್ನೋದನ್ನೂ ಬರೆದುಕೊಟ್ಟೆ. ಹೋದ ಮೇಲೆ ಬಂದು ಹೋಗುವ ದಿನಗಳೂ ಇದಕ್ಕೇ ಸೇರುತ್ತವೆ, ಇದನ್ನು ಜನ ಮರೆಯುತ್ತಾರೆ. ಪಿಎಫ್ ವಿಷಯ ಸುಲಭವಾಗಿ ಮುಗಿಯಿತು. ಭಾರತ ಮತ್ತು ಜರ್ಮನಿ ನಡುವಿನ ಸಾಮಾಜಿಕ ಭದ್ರತೆ ಒಪ್ಪಂದ 2017ರ ಮೇ 1ರಿಂದ ಜಾರಿಯಲ್ಲಿದೆ. ಇಪಿಎಫ್‌ಒದಿಂದ ಕವರೇಜ್ ಸರ್ಟಿಫಿಕೇಟ್ ತೆಗೆಸಿದೆವು. ಪಿಎಫ್ ಇಲ್ಲಿ ಮುಂದುವರಿಯಿತು, ಅಲ್ಲಿನ ಪೆನ್ಷನ್ ಕಟ್ ಇಲ್ಲ.

ಮನೆಯ ಭತ್ಯೆಯಲ್ಲಿ ನಾನು ಎಡವಿದೆ. ಜಾಹೀರಾತುಗಳನ್ನು ನೋಡಿ ತಿಂಗಳಿಗೆ 1,650 ಯೂರೋ ಅಂತ ಪತ್ರದಲ್ಲಿ ಬರೆದೆ. ಅದು "ಕಾಲ್ಟ್‌ಮೀಟೆ", ಅಂದರೆ ಬರೀ ಗೋಡೆಯ ಬಾಡಿಗೆ. ಹೀಟಿಂಗ್, ನೀರು, ಕಸ, ಕಟ್ಟಡದ ನಿರ್ವಹಣೆ ಸೇರಿದರೆ "ವಾರ್ಮ್‌ಮೀಟೆ", ಅದು 2,000 ಆಯಿತು. ಮೂರನೇ ದಿನ ಅವರ ಹೆಂಡತಿ ಖಾಲಿ ಮನೆಯ ಫೋಟೋ ಕಳಿಸಿದರು. ಅಡುಗೆಮನೆ ಇರಬೇಕಾದ ಕಡೆ ಗೋಡೆಯಿಂದ ಹೊರಬಂದ ಎರಡು ನೀರಿನ ಪೈಪು, ಒಂದು ಸ್ವಿಚ್ ಬೋರ್ಡ್, ಅಷ್ಟೇ. ಸಿಂಕ್ ಇಲ್ಲ, ಒಲೆ ಇಲ್ಲ, ಕಟ್ಟೆ ಇಲ್ಲ. ಜರ್ಮನಿಯಲ್ಲಿ ಎಷ್ಟೋ ಬಾಡಿಗೆ ಮನೆಗಳು ಹೀಗೇ. ಹಿಂದಿನವರು ತಮ್ಮ ಅಡುಗೆಮನೆಯನ್ನೇ ಬಿಚ್ಚಿಕೊಂಡು ಹೋಗುತ್ತಾರೆ. ಹೊಸ ಊರಲ್ಲಿ ಮಗುವನ್ನು ಕಟ್ಟಿಕೊಂಡು ಒಂದು ಚಹಾ ಕಾಯಿಸಲೂ ಆಗದ ಹಾಗೆ ಮಾಡಿದೆನಲ್ಲ ಅಂತ ನನಗೆ ತುಂಬಾ ಬೇಜಾರಾಯಿತು. ಅಡುಗೆಮನೆ ಇರುವ ಬೇರೆ ಮನೆ ಹುಡುಕಿಸಿ, ಭತ್ಯೆಯನ್ನು 2,000ಕ್ಕೆ ತಿದ್ದಿದೆವು. ಅಲ್ಲಿ ಅಡ್ವಾನ್ಸ್ ಮೂರು ತಿಂಗಳ ಕಾಲ್ಟ್‌ಮೀಟೆಗಿಂತ ಜಾಸ್ತಿ ಕೇಳುವ ಹಾಗಿಲ್ಲ. ಆ 4,950 ಯೂರೋವನ್ನು ಭತ್ಯೆಯಾಗಿ ಕೊಡದೆ ಸಾಲವಾಗಿ ಕೊಟ್ಟೆವು. ವಾಪಸ್ ಬರುವ ದುಡ್ಡಿಗೆ ತೆರಿಗೆ ಯಾಕೆ ಕಟ್ಟಬೇಕು ಅಲ್ವಾ?

ಶಾಲೆಯ ಫೀಸಿನಲ್ಲಿ ಆದದ್ದು ಇನ್ನೂ ದೊಡ್ಡ ತಪ್ಪು. ಅಲ್ಲಿನ ಸರ್ಕಾರಿ ಶಾಲೆಗೆ ಫೀಸಿಲ್ಲ, ಆದರೆ ಪಾಠ ಜರ್ಮನ್‌ನಲ್ಲಿ. ಮಗಳು ಆರನೇ ಕ್ಲಾಸ್. ಮೂರು ವರ್ಷದೊಳಗೆ ಬೆಂಗಳೂರಿಗೆ ಬರುವ ಮಗು. ಹಾಗಾಗಿ ಇಂಗ್ಲಿಷ್ ಮಾಧ್ಯಮದ ಇಂಟರ್‌ನ್ಯಾಷನಲ್ ಶಾಲೆ, ವರ್ಷಕ್ಕೆ 20,000 ಯೂರೋ ಅಂತ ಇಟ್ಟುಕೊಳ್ಳಿ. ಕಂಪನಿ ನೇರವಾಗಿ ಶಾಲೆಗೆ ಕಟ್ಟಿದರೂ ಅದು ನೌಕರನ ಆದಾಯವೇ, ಜರ್ಮನಿ ಅದಕ್ಕೆ ತೆರಿಗೆ ಹಾಕುತ್ತದೆ. ಗಂಡ ಹೆಂಡತಿ ಜಂಟಿಯಾಗಿ ರಿಟರ್ನ್ ಹಾಕುವ ಆ ಕುಟುಂಬಕ್ಕೆ ಕೊನೆಯ ಯೂರೋದ ಮೇಲಿನ ದರ ಸುಮಾರು ಶೇಕಡ 35. ನಾನು ಬಜೆಟ್‌ನಲ್ಲಿ 20,000ದ ಶೇಕಡ 35, ಅಂದರೆ 7,000 ಯೂರೋ ತೆರಿಗೆ ಅಂತ ಹಾಕಿದೆ.

ಆದರೆ ಆ 7,000ವನ್ನು ಕಟ್ಟುವವರು ಯಾರು? ಕಂಪನಿ. ನೌಕರನ ಪರವಾಗಿ ಕಂಪನಿ ಕಟ್ಟಿದ ತೆರಿಗೆಯೂ ನೌಕರನ ಆದಾಯ. ಹಾಗಾಗಿ 7,000ಕ್ಕೆ ಮತ್ತೆ 2,450. ಆ 2,450ಕ್ಕೆ ಮತ್ತೆ 857.50. ಹೀಗೆ ಇಳಿಯುತ್ತಾ ಹೋಗುತ್ತದೆ. ಇದನ್ನೇ ಗ್ರಾಸ್ ಅಪ್ ಅನ್ನುವುದು. ಒಂದೇ ಏಟಿಗೆ ಲೆಕ್ಕ ಬೇಕಿದ್ದರೆ ಗುಣಿಸಬಾರದು, ಭಾಗಿಸಬೇಕು:

```
20000 / (1 - 0.35) = 30769
30769 - 20000 = 10769
```

ತೆರಿಗೆ 7,000 ಅಲ್ಲ, 10,769. ಮನೆಯದ್ದೂ ಹೀಗೇ. ವರ್ಷಕ್ಕೆ 24,000 ಯೂರೋ ಬಾಡಿಗೆಗೆ 8,400 ಅಂತ ಹಾಕಿದ್ದೆ, ಬೇಕಾಗಿದ್ದು 12,923. ಎರಡೂ ಸೇರಿ ವರ್ಷಕ್ಕೆ ಹತ್ತಿರ ಹತ್ತಿರ 8,300 ಯೂರೋ ಕೊರತೆ. ಅದನ್ನು ನಾನೇ ಫೈನಾನ್ಸ್‌ನವರ ಮುಂದೆ ಹೋಗಿ ಹೇಳಬೇಕಾಯಿತು. ಜರ್ಮನಿಯ ದರ ಆದಾಯದ ಜೊತೆ ಏರುತ್ತಾ ಹೋಗುವುದರಿಂದ ನಿಜವಾದ ಅಂಕಿ ಇದಕ್ಕಿಂತ ಸ್ವಲ್ಪ ಮೇಲೇ ಇರುತ್ತದೆ. ಬಜೆಟ್‌ಗೆ ಈ ಸೂತ್ರ ಸಾಕು, ತಿಂಗಳ ಪೇರೋಲ್‌ಗೆ ಸಾಲದು. ಅದನ್ನು ಅಲ್ಲಿನ ಟ್ಯಾಕ್ಸ್ ಸಲಹೆಗಾರರಿಂದಲೇ ಮಾಡಿಸಿದೆವು. ನಿಮ್ಮ ಕೈಗೆ ಇಂಥ ಬಜೆಟ್ ಬಂದರೆ ಒಂದು ನೋಡಿ: ತೆರಿಗೆಯ ಅಂಕಿ ಭತ್ಯೆಯ ನೇರ ಶೇಕಡಾವಾರು ಆಗಿದ್ದರೆ ಗ್ರಾಸ್ ಅಪ್ ಆಗಿಲ್ಲ ಅಂತಲೇ ಅರ್ಥ.

ಇನ್ನೊಂದು ಪೆಟ್ಟು ಬಿದ್ದದ್ದು ಮರುವರ್ಷ, ಅದೂ ಭಾರತದ ಕಡೆಯಿಂದ. ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಐದು ತಿಂಗಳು ಎಂದಿನ ಹಾಗೆ ಟಿಡಿಎಸ್ ಹಿಡಿದಿದ್ದೆವು, 1,98,250. ಆದರೆ ಅವರು ಆ ವರ್ಷ ಅನಿವಾಸಿ. ಸಂಬಳದ ಮಟ್ಟಿಗೆ ಭಾರತದಲ್ಲಿ ತೆರಿಗೆ ಬರುವುದು ಐದು ತಿಂಗಳ 12.5 ಲಕ್ಷಕ್ಕೆ ಮಾತ್ರ. 75,000 ಕಳೆದು 11.75 ಲಕ್ಷ, ಸೆಸ್ ಸೇರಿ ತೆರಿಗೆ 59,800. (12 ಲಕ್ಷದವರೆಗೆ ತೆರಿಗೆ ಸೊನ್ನೆ ಅಲ್ವಾ ಅನ್ನಬಹುದು. ಆ ರಿಬೇಟ್ ನಿವಾಸಿಗಳಿಗೆ ಮಾತ್ರ.) ರಿಟರ್ನ್ ಹಾಕಿದ ಮೇಲೆ ಉಳಿದ 1,38,450 ರಿಫಂಡ್ ಆಗಿ ಅವರ ಖಾತೆಗೆ ಬಂತು. ಅವರು ಖುಷಿಯಿಂದ ಅದನ್ನು ಫ್ಲ್ಯಾಟಿನ ಸಾಲಕ್ಕೆ ಕಟ್ಟಿಬಿಟ್ಟರು.

ಅದು ಕಂಪನಿಯ ದುಡ್ಡು. ಫೋನಿನಲ್ಲಿ ಹೇಳಿದಾಗ ಅವರ ದನಿ ಬದಲಾಯಿತು. "ನನ್ನ ಸಂಬಳದಲ್ಲಿ ಹಿಡಿದದ್ದು, ನನ್ನ ಪ್ಯಾನ್‌ಗೆ ಬಂದದ್ದು, ಕಂಪನಿದು ಹೇಗಾಗುತ್ತೆ ಮೇಡಂ?" ಅವರು ಕೇಳಿದ್ದು ನ್ಯಾಯವಾಗೇ ಇತ್ತು. ನಾನು ಶೀಟ್ ತೆರೆದು ಒಟ್ಟಿಗೆ ಕೂಡಿಸಿದೆ. ವರ್ಷಕ್ಕೆ ಅವರ ಪಾಲು 4,75,800. ಐದು ತಿಂಗಳ ಟಿಡಿಎಸ್ 1,98,250, ಏಳು ತಿಂಗಳ ಹೈಪೋ ಟ್ಯಾಕ್ಸ್ 2,77,550, ಕೂಡಿದರೆ ಸರಿಯಾಗಿ 4,75,800. ರಿಫಂಡನ್ನು ಅವರೇ ಇಟ್ಟುಕೊಂಡರೆ ಅವರು ಕಟ್ಟಿದಂತಾಗುವುದು 3,37,350 ಮಾತ್ರ. ಊರಲ್ಲೇ ಉಳಿದ ಅವರ ಪಕ್ಕದ ಸೀಟಿನವರಿಗಿಂತ ಕಡಿಮೆ. ಅಷ್ಟು ಹೊತ್ತಿಗೆ ಜರ್ಮನಿಯಲ್ಲಿ ಕಂಪನಿ ಅವರ ಪರವಾಗಿ ಕಟ್ಟಿದ ತೆರಿಗೆ ಇದರ ಎಷ್ಟೋ ಪಟ್ಟು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಂದೇ ಸಲ ಆಗಲ್ಲ" ಅಂದರು. ತಿಂಗಳಿಗೆ 46,150ರ ಹಾಗೆ ಮೂರು ಕಂತು ಮಾಡಿದೆವು.

ತಪ್ಪು ನನ್ನ ಪತ್ರದ್ದು. "ಈಕ್ವಲೈಸೇಶನ್ ನೀತಿಯಂತೆ ಲೆಕ್ಕ ಚುಕ್ತಾ" ಅಂತ ಒಂದೇ ಸಾಲು ಬರೆದಿದ್ದೆ. ಈಗ ಕಳಿಸುವವರ ಪತ್ರದಲ್ಲಿ ಎರಡೂ ದೇಶದ ರಿಫಂಡ್ ಕಂಪನಿಗೆ ಸೇರಿದ್ದು, ಬಂದ 30 ದಿನದೊಳಗೆ ತಿಳಿಸಬೇಕು ಅಂತ ಬಿಡಿಸಿ ಬರೆಯುತ್ತೇನೆ. ಮೇಲಿನ ಹಾಗೆ ಒಂದು ವರ್ಷದ ಮಾದರಿ ಲೆಕ್ಕವನ್ನೂ ಪತ್ರದ ಜೊತೆ ಇಟ್ಟು, ಸಹಿಗೆ ಮುಂಚೆ ಎದುರು ಕೂರಿಸಿಕೊಂಡು ವಿವರಿಸುತ್ತೇನೆ. ಸಾಧ್ಯವಾದರೆ ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿಕೊಳ್ಳುತ್ತೇನೆ. ಮನೆಯ ಕಂತು ಕಟ್ಟುವ ತೀರ್ಮಾನ ಇಬ್ಬರದ್ದೂ ಆಗಿರುತ್ತದೆ.

ವಾಪಸ್ ಬರುವ ದಿನವನ್ನು ಮಾತ್ರ ಮೊದಲೇ ಸರಿಯಾಗಿ ಹಿಡಿದಿದ್ದೆವು. ಸಿಬಿಎಸ್‌ಇಯಲ್ಲಿ ಹತ್ತನೆಯ ಪರೀಕ್ಷೆಗೆ ಒಂಬತ್ತರಲ್ಲೇ ರಿಜಿಸ್ಟ್ರೇಷನ್ ಆಗುತ್ತದೆ, ನೇರ ಹತ್ತಕ್ಕೆ ಸೇರಿಸುವುದು ಕಷ್ಟ. ಹಾಗಾಗಿ ಎಂಟನೆಯ ತರಗತಿಯ ವಯಸ್ಸು ಮುಗಿಯುವ ಹೊತ್ತಿಗೆ, 2025ರ ಮಾರ್ಚ್ ಕೊನೆಗೆ ಬರುವುದು ಅಂತ ಪತ್ರದಲ್ಲೇ ಇತ್ತು. ಅಲ್ಲಿನ ಶಾಲೆಯ ವರ್ಷ ಬೇಸಿಗೆಯವರೆಗೆ ನಡೆಯುತ್ತದೆ, ಪೂರ್ತಿ ವರ್ಷದ ಫೀಸು ಕಟ್ಟಲೇಬೇಕಾಯಿತು. ಕೊನೆಯ ಕೆಲವು ತಿಂಗಳ ಪಾಠಕ್ಕೆ ಮಗು ಇರಲಿಲ್ಲ. ಫೈನಾನ್ಸ್‌ನವರು ಆ ಸಾಲಿನ ಕೆಳಗೆ ಗೆರೆ ಎಳೆದು ಕಾರಣ ಕೇಳಿದರು. ನಾನು ಮಗಳ ಒಂಬತ್ತನೇ ಕ್ಲಾಸಿನ ಅಡ್ಮಿಷನ್ ರಸೀದಿಯ ಪ್ರತಿಯನ್ನು ಲಗತ್ತಿಸಿ ಕಳಿಸಿದೆ.