ಖಾಲಿ ಫ್ಲ್ಯಾಟಿನ ಫೋಟೋದಲ್ಲಿ ಪೀಠೋಪಕರಣ ಕೂರಿಸುವಾಗ ಅಳತೆ ತಪ್ಪದಿರಲು

ಖಾಲಿ ಫ್ಲ್ಯಾಟಿನ ಫೋಟೋಗೆ ಕಂಪ್ಯೂಟರಿನಲ್ಲಿ ಸೋಫಾ, ರಗ್, ದೀಪಗಳನ್ನು ಸೇರಿಸುವವರು ಕಣ್ಣಂದಾಜಿಗೆ ಬಿಡದೆ ನೆಲದ ಟೈಲ್ಸ್ ಅನ್ನೇ ಅಳತೆಪಟ್ಟಿಯಾಗಿ ಬಳಸಿ, ಎತ್ತರಕ್ಕೆ ಕ್ಯಾಮೆರಾದ ಎತ್ತರವನ್ನೇ ಆಧಾರವಾಗಿಟ್ಟುಕೊಳ್ಳಿ. ಟೈಲ್ಸ್ 2 ಅಡಿ ಚೌಕವಾಗಿದ್ದರೆ 4×6 ಅಡಿಯ ರಗ್ ಎರಡು ಟೈಲ್ಸ್ ಅಗಲ, ಮೂರು ಟೈಲ್ಸ್ ಉದ್ದವನ್ನು ಆಕ್ರಮಿಸಬೇಕು. ಅದರ ನಾಲ್ಕು ಮೂಲೆಗಳನ್ನು ಟೈಲ್ಸ್ ಸಂದುಗಳಿಗೆ ಎಳೆದು ಕೂರಿಸಿದರೆ ದೂರ ಹೋದಂತೆ ಕಿರಿದಾಗುವ ನೋಟವೂ ತಾನಾಗಿಯೇ ಸರಿಹೋಗುತ್ತದೆ. ಕೋಣೆಯ ಒಳಭಾಗಕ್ಕೆ ಸಾಗುವ ಸಂದಿನ ಗೆರೆಗಳನ್ನು ಮುಂದುವರಿಸಿದಾಗ ಅವು ಕೂಡುವ ಬಿಂದುವಿನ ಮೂಲಕ ಒಂದು ಅಡ್ಡಗೆರೆ ಎಳೆಯಿರಿ. ಕ್ಯಾಮೆರಾವನ್ನು 4 ಅಡಿ ಎತ್ತರದಲ್ಲಿ ನೇರವಾಗಿ ಹಿಡಿದಿದ್ದರೆ, ಕೋಣೆಯ ಯಾವ ಮೂಲೆಯಲ್ಲೇ ಆಗಲಿ, ನೆಲದಿಂದ ಆ ಗೆರೆಯವರೆಗಿನ ಅಂತರ 4 ಅಡಿಯೇ. ಆದ್ದರಿಂದ 5 ಅಡಿಯ ನಿಲುದೀಪ ಇಡಬೇಕಾದ ಜಾಗದಲ್ಲಿ ಆ ಅಂತರವನ್ನು ನಾಲ್ಕು ಭಾಗ ಮಾಡಿ, ಇನ್ನೊಂದು ಭಾಗ ಮೇಲಕ್ಕೆ ಏರಿಸಿದರೆ ಸಾಕು. ಮೂರಡಿಗಿಂತ ತಗ್ಗಿನ ಸೋಫಾದ ಬೆನ್ನು ಗೆರೆಯನ್ನು ಮುಟ್ಟಿತೆಂದರೆ ಸೋಫಾ ದೊಡ್ಡದಾಯಿತೆಂದೇ ಅರ್ಥ. ಕ್ಯಾಮೆರಾವನ್ನು ಮೇಲಕ್ಕೋ ಕೆಳಕ್ಕೋ ವಾಲಿಸಿ ತೆಗೆದಿದ್ದರೆ, ಅಂದರೆ ಗೋಡೆಯ ಅಂಚುಗಳು ಓರೆಯಾಗಿ ಕಂಡರೆ, ಎತ್ತರದ ಈ ಲೆಕ್ಕ ನಿಖರವಾಗಿ ಬರುವುದಿಲ್ಲ. ವೈಡ್ ಲೆನ್ಸ್ ಚಿತ್ರದ ಅಂಚುಗಳನ್ನು ಹಿಗ್ಗಿಸುವುದರಿಂದ ಅಲ್ಲಿ ದೀಪ, ಕುರ್ಚಿ ಇಡದಿರುವುದೇ ಲೇಸು. ಎಲ್ಲ ಟೈಲ್ಸ್ 2 ಅಡಿಯದ್ದಲ್ಲ; ಫೋಟೋ ತೆಗೆಯುವ ದಿನವೇ ಒಂದನ್ನು ಟೇಪಿನಿಂದ ಅಳೆದು, ಕ್ಯಾಮೆರಾದ ಎತ್ತರದ ಜೊತೆಗೆ ಬರೆದಿಟ್ಟುಕೊಳ್ಳಿ.