ಬಾರ್ಲಿ ವೈನ್ ಬಾಟಲಿಯನ್ನು ಐದು ವರ್ಷ ಕಾಪಿಡುವುದು ಹೇಗೆ?

ನಮ್ಮ ಅಂಗಡಿಗಳಲ್ಲಿ ‘ಸ್ಟ್ರಾಂಗ್’ ಎಂದು ಸಿಗುವ ಬಿಯರ್ ಸಾಮಾನ್ಯವಾಗಿ ಶೇ 8ರೊಳಗೆ ಆಲ್ಕೋಹಾಲ್ ಇರುವ ಲಾಗರ್. ಅದನ್ನು ಎಷ್ಟೇ ಜೋಪಾನ ಮಾಡಿದರೂ ಹಳಸುತ್ತದೆಯೇ ಹೊರತು ಹದವಾಗುವುದಿಲ್ಲ. ವರ್ಷಗಟ್ಟಲೆ ಇಡಲು ತಕ್ಕವು ಬಾರ್ಲಿ ವೈನ್ ಮತ್ತು ಹುರಿದ ಬಾರ್ಲಿ ಸೇರಿಸಿ ಮಾಡುವ ಕಪ್ಪು ಬಣ್ಣದ ಗಡುಸು ಬಿಯರ್ ಆದ ಇಂಪೀರಿಯಲ್ ಸ್ಟೌಟ್. ಹೆಸರಿನಲ್ಲಿ ವೈನ್ ಇದ್ದರೂ ಬಾರ್ಲಿ ವೈನ್ ಬಿಯರೇ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯಾದ ಮಾಲ್ಟ್‌ನ ದಟ್ಟತೆ ಮತ್ತು ಹೆಚ್ಚಾಗಿ ಶೇ 9ರಿಂದ 12ರಷ್ಟು ಆಲ್ಕೋಹಾಲ್ ಅದನ್ನು ಕಾಯುತ್ತವೆ. ಇಂಗ್ಲೆಂಡಿನ ಡಾರ್ಚೆಸ್ಟರ್‌ನಲ್ಲಿ 1968ರಲ್ಲಿ ಮೊದಲು ತಯಾರಾದ ಥಾಮಸ್ ಹಾರ್ಡೀಸ್ ಏಲ್ 25 ವರ್ಷ ಇಡಬಹುದಾದ ಬಿಯರ್ ಎಂದೇ ಹೆಸರಾಗಿತ್ತು.

ಇಂಥ ಬಿಯರ್ ಇಲ್ಲಿಗೆ ಬಹುತೇಕ ಹೊರದೇಶದಿಂದಲೇ ಬರಬೇಕು. ಸಿಕ್ಕಾಗ ಒಂದೇ ತಯಾರಿಕೆಯ ಆರು ಬಾಟಲಿಗಳನ್ನು ಒಟ್ಟಿಗೆ ಕೊಳ್ಳಿ; ಒಂದೇ ಬಾಟಲಿ ಇಟ್ಟರೆ ಏನು ಬದಲಾಯಿತು ಎಂದು ಹೋಲಿಸಲು ಆಧಾರವೇ ಇರುವುದಿಲ್ಲ. ಮನೆಯಲ್ಲಿ ಇಟ್ಟುಕೊಳ್ಳಬಹುದಾದ ಮದ್ಯಕ್ಕೆ ಅಬಕಾರಿ ನಿಯಮದಲ್ಲಿ ಮಿತಿಯಿರುವುದರಿಂದ ಅದನ್ನೂ ಮೊದಲೇ ನೋಡಿಕೊಳ್ಳಿ. ಕಂದು ಗಾಜಿನ, ತಳದಲ್ಲಿ ತೆಳುವಾಗಿ ಈಸ್ಟ್ ಗಸಿ ಇರುವ ಬಾಟಲಿ ಉತ್ತಮ, ಏಕೆಂದರೆ ಜೀವಂತ ಈಸ್ಟ್ ಬಾಟಲಿಯೊಳಗೆ ಉಳಿದ ಆಮ್ಲಜನಕವನ್ನು ಸ್ವಲ್ಪಮಟ್ಟಿಗೆ ಹೀರಿಕೊಳ್ಳುತ್ತದೆ. ಕಾಫಿ ಬೆರೆಸಿದ ಸ್ಟೌಟನ್ನು ಮಾತ್ರ ಇಡಬೇಡಿ. ಅದರ ಕಾಫಿ ಪರಿಮಳ ಬೇಗ ಮಾಸುತ್ತದೆ.

ಬೆಂಗಳೂರಿನಲ್ಲಿ ನಿಜವಾದ ತೊಡಕು ಜಾಗದ್ದು. ಈ ಬಿಯರ್‌ಗೆ 10ರಿಂದ 13 ಡಿಗ್ರಿ ಸೆಲ್ಸಿಯಸ್‌ನ, ಏರಿಳಿತವಿಲ್ಲದ ಕತ್ತಲೆ ಬೇಕು. ನಾನು ಮೊದಲ ಸಲ ಎರಡು ಬಾಟಲಿಗಳನ್ನು ಅಡುಗೆಮನೆಯ ಸಜ್ಜೆಯ ಮೇಲೆ, ಹಳೆಯ ಪಾತ್ರೆಗಳ ಹಿಂದೆ ಇಟ್ಟಿದ್ದೆ. ಎರಡು ಬೇಸಿಗೆ ಕಳೆದ ಮೇಲೆ ತೆರೆದಾಗ ಬಂದದ್ದು ಮಳೆಯಲ್ಲಿ ನೆನೆದ ರಟ್ಟಿನ ಪೆಟ್ಟಿಗೆಯ ವಾಸನೆ. ಸೆಖೆ ಹೆಚ್ಚಿದಷ್ಟೂ ಆಮ್ಲಜನಕದ ಕೆಲಸ ವೇಗವಾಗುತ್ತದೆ. ಐದು ವರ್ಷದಲ್ಲಿ ನಿಧಾನವಾಗಿ ಆಗಬೇಕಾದದ್ದು ಎರಡೇ ವರ್ಷದಲ್ಲಿ ಒರಟಾಗಿ ಆಗಿಬಿಟ್ಟಿತ್ತು.

ಹಳೆಯ ಚಿಕ್ಕ ಫ್ರಿಜ್ ಒಂದಿದ್ದರೆ ಈ ತೊಡಕು ಬಗೆಹರಿಯುತ್ತದೆ. ಅದರ ಪ್ಲಗ್ಗಿಗೂ ಗೋಡೆಯ ಸಾಕೆಟ್ಟಿಗೂ ನಡುವೆ ಥರ್ಮೋಸ್ಟಾಟ್ ಕಂಟ್ರೋಲರ್ ಸೇರಿಸಿ, 13 ಡಿಗ್ರಿಗೆ ಚಾಲೂ ಆಗಿ 11ಕ್ಕೆ ನಿಲ್ಲುವಂತೆ ಹೊಂದಿಸಿ. ಅದರ ಸೆನ್ಸರ್ ವೈರನ್ನು ಗಾಳಿಯಲ್ಲಿ ತೂಗುಬಿಡದೆ, ನೀರು ತುಂಬಿದ ಬಾಟಲಿಗೆ ಟೇಪಿನಿಂದ ಅಂಟಿಸಿ. ಹಾಗೆ ಮಾಡಿದರೆ ಬಾಗಿಲು ತೆರೆದಾಗಲೆಲ್ಲ ಕಂಪ್ರೆಸರ್ ಓಡುವುದಿಲ್ಲ. ಖಾಲಿ ಜಾಗದಲ್ಲಿ ಇನ್ನಷ್ಟು ನೀರಿನ ಬಾಟಲಿಗಳನ್ನು ಇಟ್ಟರೆ ಕರೆಂಟ್ ಹೋದಾಗಲೂ ತಂಪು ಉಳಿಯುತ್ತದೆ. ಬಿಯರ್ ಬಾಟಲಿಗಳನ್ನು ನೇರವಾಗಿ ನಿಲ್ಲಿಸಿ. ಲೋಹದ ಮುಚ್ಚಳಕ್ಕೆ ವೈನಿನ ಬಿರಡೆಯಂತೆ ಒದ್ದೆಯಾಗಿರಬೇಕಾದ ಅಗತ್ಯವಿಲ್ಲ, ಗಸಿಯೂ ತಳದಲ್ಲೇ ಕೂರುತ್ತದೆ. ತೇವಕ್ಕೆ ಲೇಬಲ್ ಕಳಚಿಕೊಳ್ಳಬಹುದು. ಆದ್ದರಿಂದ ಇಟ್ಟ ತಿಂಗಳನ್ನು ಮಾಸ್ಕಿಂಗ್ ಟೇಪಿನ ಮೇಲೆ ಬರೆದು ಕೊರಳಿಗೆ ಸುತ್ತಿ.

ಮೊದಲ ಬಾಟಲಿಯನ್ನು ತಂದ ವಾರದಲ್ಲೇ ತೆರೆದು, ರುಚಿಯನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ. ನಾನು ಆಮೇಲೆ ಕಾಪಿಟ್ಟ ಶೇ 10ರ ಬಾರ್ಲಿ ವೈನಿನ ಮೊದಲ ಪುಟದಲ್ಲಿ ‘ಕಿತ್ತಳೆ ಸಿಪ್ಪೆಯ ಕಹಿ, ಗಂಟಲು ಸುಡುತ್ತದೆ’ ಎಂದಿದೆ. ಒಂದು ವರ್ಷದ ನಂತರ, ಬಿಯರಿಗೆ ಕಹಿ ಮತ್ತು ಘಮ ಕೊಡುವ ಹೂವಾದ ಹಾಪ್ಸ್‌ನ ಪರಿಮಳ ಪೂರ್ತಿ ಇಳಿದಿತ್ತು, ಸಿಹಿ ಹೆಚ್ಚಿದಂತೆ ಕಂಡಿತು. ವಾಸ್ತವದಲ್ಲಿ ಸಕ್ಕರೆ ಹೆಚ್ಚಿರಲಿಲ್ಲ. ಹಾಪ್ಸ್‌ನ ಕಹಿ ಆಮ್ಲಗಳು ಕಾಲಕ್ರಮದಲ್ಲಿ ಒಡೆದುಹೋಗುವುದರಿಂದ, ಅದುವರೆಗೆ ಕಹಿಯ ಹಿಂದೆ ಅಡಗಿದ್ದ ಮಾಲ್ಟ್ ಮುಂದೆ ಬಂದಿತ್ತು. ಮೂರನೆಯ ವರ್ಷ ಸುಡುವ ಗುಣ ತಣಿದು, ಖರ್ಜೂರ, ಒಣದ್ರಾಕ್ಷಿ, ಸ್ವಲ್ಪ ಸುಟ್ಟ ಬೆಲ್ಲದ ಪಾಕದ ಪರಿಮಳ ಬಂತು. ಐದನೆಯ ವರ್ಷದ್ದರಲ್ಲಿ ಶೆರ್ರಿ ವೈನನ್ನು ಹೋಲುವ, ಬಾದಾಮಿಯಂಥ ಒಣಗಿದ ಛಾಯೆಯಿತ್ತು. ರಟ್ಟಿನ ವಾಸನೆ ತಂದ ಆಮ್ಲಜನಕವೇ ದಟ್ಟ ಮಾಲ್ಟಿನಲ್ಲಿ, ತಂಪಿನಲ್ಲಿ, ನಿಧಾನವಾಗಿ ವರ್ತಿಸಿದಾಗ ಈ ರುಚಿಯನ್ನೂ ಕೊಡುತ್ತದೆ.

ಇಂಪೀರಿಯಲ್ ಸ್ಟೌಟಿನ ಹಾದಿ ತುಸು ಬೇರೆ. ಹುರಿದ ಬಾರ್ಲಿಯ ಒರಟು ಕಹಿ ಮೆತ್ತಗಾಗಿ, ಚಾಕೊಲೇಟ್ ಮತ್ತು ಒಣ ಅಂಜೂರದ ರುಚಿ ಮೂಡುತ್ತದೆ. ಆದರೆ ಅತಿಯಾಗಿ ಇಟ್ಟರೆ ಸೋಯಾ ಸಾಸ್‌ನಂಥ ಉಪ್ಪುಪ್ಪು ವಾಸನೆ ಬರುತ್ತದೆ. ಸತ್ತ ಈಸ್ಟ್ ಕೋಶಗಳು ಒಡೆದು ಬಿಯರಿನಲ್ಲಿ ಕರಗುವುದು ಇದಕ್ಕೆ ಒಂದು ಕಾರಣ. ಇದು ಒಮ್ಮೆ ಬಂದರೆ ಹೋಗುವುದಿಲ್ಲ. ಮೊದಲ ಸುಳಿವು ಸಿಕ್ಕ ಕೂಡಲೇ ಉಳಿದ ಬಾಟಲಿಗಳನ್ನು ತಡಮಾಡದೆ ಕುಡಿದು ಮುಗಿಸುವುದೇ ಸರಿ. ಮುಚ್ಚಳ ತೆಗೆದೊಡನೆ ನೊರೆ ಉಕ್ಕಿ, ಹುಳಿಯೂ ಇದ್ದರೆ ಹೊರಗಿನ ಸೂಕ್ಷ್ಮಜೀವಿ ಸೇರಿದೆ ಎಂದರ್ಥ.

ತೆರೆಯುವ ದಿನ ಬಾಟಲಿಯನ್ನು ಕುಲುಕದೆ ತಂದು, ಗಾಜಿನ ಲೋಟಕ್ಕೆ ಒಂದೇ ಓರೆಯಲ್ಲಿ ನಿಧಾನವಾಗಿ ಬಗ್ಗಿಸಿ. ಕೊರಳಿನ ಕಡೆಗೆ ಗಸಿಯ ಮಬ್ಬು ಎಳೆ ಜಾರಿ ಬರುವುದು ಕಂಡಾಗ ನಿಲ್ಲಿಸಿ, ಅಡಿಯಲ್ಲಿ ಬೆರಳಗಲದಷ್ಟನ್ನು ಬಾಟಲಿಯಲ್ಲೇ ಬಿಡಿ.